ಈ ವರ್ಷ ನೋಡದ ಜಾಗಗಳು

ನಮ್ಮ ಆಸ್ಪತ್ರೆಯಲ್ಲಿ ಆಡಿಟ್ ವಿಭಾಗ ಎಂದರೆ ಒಂದೂವರೆ ಜನ. ಒಬ್ಬಳು ನಾನು. ಉಳಿದ ಅರ್ಧ, ವಾರಕ್ಕೆ ಮೂರು ದಿನ ಶೆಟ್ಟಿಕೆರೆಯಿಂದ ಬಸ್ಸು ಹಿಡಿದು ಬರುವ ನನ್ನ ಸಹಾಯಕರು. ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಮಾತು ಕಡಿಮೆ, ಕಣ್ಣು ಚುರುಕು. ಆಸ್ಪತ್ರೆ ತಿಪಟೂರಿನಲ್ಲಿದೆ, ಒಂದು ಟ್ರಸ್ಟಿನದು. ಟ್ರಸ್ಟಿನವರೆಲ್ಲ ಕೊಬ್ಬರಿ ಮಂಡಿಯವರು, ತೋಟದವರು, ಅಂಗಡಿಯವರು. ಧರ್ಮಕ್ಕೆಂದು ಕಟ್ಟಿದ ಆಸ್ಪತ್ರೆ ಎಂದು ಅವರು ಹೇಳಿಕೊಳ್ಳುತ್ತಾರೆ. ಅದು ನಿಜವೂ ಹೌದು. ಧರ್ಮಕ್ಕೆ ಕಟ್ಟಿದ್ದನ್ನು ಯಾರಾದರೂ ಪರೀಕ್ಷಿಸುವುದೇ ಅಪಚಾರ ಎಂಬುದು ಅವರ ಇನ್ನೊಂದು ನಂಬಿಕೆ.

ಆಸ್ಪತ್ರೆಯನ್ನು ಆಡಿಟ್ಟಿಗಾಗಿ ಬಿಡಿಸಿಟ್ಟರೆ ನಲವತ್ತೊಂದು ಜಾಗಗಳಾಗುತ್ತವೆ. ಔಷಧಿ ಉಗ್ರಾಣ, ಆಪರೇಷನ್ ಕೊಠಡಿ, ಡಯಾಲಿಸಿಸ್, ರಕ್ತ ಸಂಗ್ರಹ, ಕ್ಯಾಂಟೀನು, ಬಟ್ಟೆ ಒಗೆಯುವ ಮನೆ, ಕಾರು ನಿಲ್ಲಿಸುವ ಬಯಲಿನವರೆಗೆ. ನಮ್ಮ ಹಳೆಯ ವಾರ್ಷಿಕ ಯೋಜನೆಯಲ್ಲಿ ಈ ನಲವತ್ತೊಂದಕ್ಕೂ ತಲಾ ಐದು ದಿನ. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಯಾರ ಮನಸ್ಸಿಗೂ ನೋವಾಗಬಾರದು ಎಂಬುದೇ ಆ ಯೋಜನೆಯ ಏಕೈಕ ಸಿದ್ಧಾಂತ. ಐದು ದಿನದಲ್ಲಿ ಗಾಡಿ ನಿಲ್ಲಿಸುವ ಬಯಲನ್ನು ಮೂರು ಸಲ ನೋಡಬಹುದು, ಆಪರೇಷನ್ ಕೊಠಡಿಯ ಬಾಗಿಲಿನ ಬಣ್ಣ ಮಾತ್ರ ನೋಡಬಹುದು. ಆರು ವರ್ಷ ಆ ಯೋಜನೆಯನ್ನು ನಾನೇ ಟೈಪು ಮಾಡಿ ನಾನೇ ಸಹಿ ಹಾಕಿದ್ದೇನೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಬೈಯುವುದು ಬಹಳ ಇದೆ.

ಯೋಜನೆ ಬದಲಾಯಿಸಬೇಕು ಎನ್ನಿಸಿದ್ದು ನನ್ನ ಅತ್ತಿಗೆಯಿಂದ. ದಬ್ಬೇಘಟ್ಟದಲ್ಲಿರುವ ಅಣ್ಣನ ಹೆಂಡತಿ. ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿದೆ. ವಾರಕ್ಕೆ ಮೂರು ದಿನ ನಮ್ಮ ಆಸ್ಪತ್ರೆಗೇ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ನನ್ನ ಕೋಣೆಗೆ ಬಂದು ಕೂತರು. ಹೊರಗೆ ಬಿಸಿಲು ಸುಡುತ್ತಿತ್ತು, ಇವರು ಶಾಲು ಹೊದ್ದಿದ್ದರು.

"ಮಿಷಿನ್ ಹಾಕಿ ಒಂದ್ ಗಂಟೆ ಆಗಿತ್ತು ಕಣೇ, ಮೈಯೆಲ್ಲ ಗಡಗಡ ಅಂತು. ಹಲ್ಲು ಕಟಕಟ ಅಂತಿದ್ವು. ಕೇಳಿದ್ರೆ ಫ್ಯಾನ್ ಗಾಳಿ ಅಂದ್ರು."

ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಪಕ್ಕದ ಹಾಸಿಗೆಯ ಗಂಡಸಿಗೂ ಆಯಿತಂತೆ. ನಾನು ಹೋಗಿ ಅಲ್ಲಿನ ಅವಘಡ ಬರೆಯುವ ಪುಸ್ತಕ ತೆರೆದು ನೋಡಿದೆ. ಹೊಸ ಪುಸ್ತಕ, ಒಂದಕ್ಷರ ಇಲ್ಲ. ಆಸ್ಪತ್ರೆಯಲ್ಲಿ ತುಂಬಿದ ಪುಸ್ತಕ ನನಗೆ ಭಯ ಹುಟ್ಟಿಸುವುದಿಲ್ಲ, ಖಾಲಿ ಪುಸ್ತಕ ಹುಟ್ಟಿಸುತ್ತದೆ.

ಡಯಾಲಿಸಿಸ್ ಎಂದರೆ ನೀರಿನ ಕೆಲಸ. ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲೇ ಹರಿದು ಹೋಗುತ್ತದೆ, ಮಧ್ಯೆ ತೆಳುವಾದ ಪೊರೆ ಮಾತ್ರ. ಕುಡಿಯುವ ನೀರಿನಷ್ಟು ಶುದ್ಧವಾಗಿದ್ದರೆ ಅಲ್ಲಿ ಸಾಲದು. ಅದಕ್ಕೇ ಆ ನೀರನ್ನು ಶುದ್ಧ ಮಾಡುವ ಯಂತ್ರ ಬೇರೆ, ತಿಂಗಳಿಗೊಮ್ಮೆ ಹೊರಗಿನ ಲ್ಯಾಬಿಗೆ ಕಳಿಸಿ ಕ್ರಿಮಿಯ ಪರೀಕ್ಷೆ ಬೇರೆ. ನಮ್ಮಲ್ಲಿ ಆ ಬೇಸಿಗೆಗೆ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಬರುತ್ತಿತ್ತು. ಅನುಭವಸ್ಥ ಟೆಕ್ನಿಷಿಯನ್ ಬಿಟ್ಟುಹೋಗಿದ್ದ. ನೀರು ಬದಲಾಗಿದೆ, ಕೈ ಬದಲಾಗಿದೆ, ರೋಗಿಗಳು ನಡುಗುತ್ತಿದ್ದಾರೆ. ನಮ್ಮ ಯೋಜನೆಯಲ್ಲಿ ಮಾತ್ರ ಅದೇ ಐದು ದಿನ, ಕ್ಯಾಂಟೀನಿಗೂ ಅದಕ್ಕೂ ಸರಿಸಮ.

ಹೊಸ ವರ್ಷದ ಯೋಜನೆಯನ್ನು ಅಪಾಯದ ಲೆಕ್ಕದಲ್ಲಿ ಮಾಡುತ್ತೇನೆ ಎಂದು ಆಡಳಿತಾಧಿಕಾರಿಗೆ ಹೇಳಿದೆ. ನಲವತ್ತೊಂದು ಜಾಗಕ್ಕೂ ಎರಡು ಪ್ರಶ್ನೆ. ಇಲ್ಲಿ ತಪ್ಪಾದರೆ ಎಷ್ಟು ದೊಡ್ಡ ಅನಾಹುತ? ತಪ್ಪಾಗುವ ಸಂಭವ ಎಷ್ಟು? ಎರಡಕ್ಕೂ ಒಂದರಿಂದ ಐದು, ಒಂದಕ್ಕೊಂದು ಗುಣಿಸಬೇಕು. ಇಪ್ಪತ್ತೈದು ಬಂದರೆ ಅಲ್ಲಿಗೆ ಮೊದಲು ಓಡಬೇಕು. ಆಮೇಲೆ ತಪ್ಪು ತಡೆಯಲು ಅಲ್ಲಿ ಈಗಿರುವ ಕಟ್ಟುಪಾಡು ಎಷ್ಟು ಗಟ್ಟಿ ಎಂದು ನೋಡಿ, ಉಳಿಯುವ ಅಪಾಯದ ಮೇಲೆ ಪಟ್ಟಿ ಜೋಡಿಸಬೇಕು. ವಿಭಾಗದವರ ಅಭಿಪ್ರಾಯವೂ ಬೇಕೆಂದು ಒಂದು ನಮೂನೆ ಕಳಿಸಿದೆ.

ಆಡಳಿತಾಧಿಕಾರಿ ಅದಕ್ಕೆ ತಾನೇ ಒಂದು ತಲೆಬರಹ ಸೇರಿಸಿ ಹಂಚಿದ: ಸ್ವಯಂ ಮೌಲ್ಯಮಾಪನ ಅಂಕಪಟ್ಟಿ. ಅಲ್ಲಿಗೆ ಮುಗಿಯಿತು. ಕ್ಯಾಂಟೀನಿನವನು ತನಗೆ ತಾನೇ ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟುಕೊಂಡ. ಬಟ್ಟೆ ಒಗೆಯುವವರು ಸಂಕೋಚದಿಂದ ಇಪ್ಪತ್ತು. ತೋಟದ ಮಾಲಿ ಇಪ್ಪತ್ನಾಲ್ಕು, ಅದು ಯಾವ ಗುಣಾಕಾರದಿಂದ ಬಂತೋ ದೇವರಿಗೇ ಗೊತ್ತು. ನಮೂನೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಡಯಾಲಿಸಿಸ್ ಮೇಲ್ವಿಚಾರಕ ಒಬ್ಬನೇ. ಆತ ತನಗೆ ನಾಲ್ಕು ಕೊಟ್ಟುಕೊಂಡಿದ್ದ, ಆಡಿಟ್ಟಿನವರು ಇತ್ತ ತಲೆ ಹಾಕದಿರಲಿ ಎಂದು.

ಆ ಅಂಕಪಟ್ಟಿಗಳನ್ನು ಪಕ್ಕಕ್ಕಿಟ್ಟು ನಾವಿಬ್ಬರೂ ಮತ್ತೆ ಮೊದಲಿಂದ ಕೂತೆವು. ರೋಗಿಗಳ ದೂರು, ಕೆಲಸ ಬಿಟ್ಟವರ ಪಟ್ಟಿ, ಹೊಸ ಯಂತ್ರಗಳು, ಯಾವ ಜಾಗವನ್ನು ಕೊನೆಯ ಸಲ ನಿಜವಾಗಿ ನೋಡಿದ್ದು ಯಾವಾಗ ಎಂಬುದು, ಎಲ್ಲ ಹರಡಿಕೊಂಡು. ಆಮೇಲೆ ನಮ್ಮ ದಿನಗಳನ್ನು ಎಣಿಸಿದೆವು. ಭಾನುವಾರ, ಹಬ್ಬ, ರಜೆ ಕಳೆದು ನನ್ನ ದಿನ ಇನ್ನೂರ ಎಪ್ಪತ್ತು, ಅವರದು ನೂರ ನಲವತ್ತು. ಹಳೆಯ ವರದಿಗಳ ತಪ್ಪು ತಿದ್ದಿದರೋ ಇಲ್ಲವೋ ನೋಡಲು, ಇದ್ದಕ್ಕಿದ್ದಂತೆ ಬರುವ ತನಿಖೆಗಳಿಗೆ, ತರಬೇತಿಗೆ, ಸಭೆಗಳಿಗೆ ಎಂದು ನೂರ ಎಂಬತ್ತು ತೆಗೆದಿಟ್ಟರೆ ಉಳಿಯುವುದು ಇನ್ನೂರ ಮೂವತ್ತು. ಸರಿಯಾಗಿ ನೋಡಿದರೆ ಅದರಲ್ಲಿ ಹನ್ನೆರಡು ಜಾಗ ಮಾತ್ರ. ದೊಡ್ಡ ಅಪಾಯದವು ಒಂಬತ್ತು, ಮಧ್ಯಮದಲ್ಲಿ ಸರದಿಯಂತೆ ಈ ವರ್ಷಕ್ಕೆ ಮೂರು. ಡಯಾಲಿಸಿಸ್ ಎಲ್ಲಕ್ಕಿಂತ ಮೇಲೆ, ಇಪ್ಪತ್ತೈದು ದಿನ. ಉಳಿದ ಇಪ್ಪತ್ತೊಂಬತ್ತನ್ನು ಈ ವರ್ಷ ನೋಡುವುದಿಲ್ಲ.

"ನೋಡಲ್ಲ ಅಂತ ಬರೀಬೇಕಾ ಮೇಡಮ್?" ಎಂದು ಸಹಾಯಕರು ಕೇಳಿದರು. "ಸಂಘದಾಗೆ ನೋಡ್ದೇ ಇದ್ರೂ ನೋಡಿದೀವಿ ಅಂತ ಬರೀತಿದ್ವಿ."

ಬರೆಯಲೇಬೇಕು ಎಂದೆ. ಜನ ಕಡಿಮೆ ಇದ್ದರೆ ಏನೇನು ಬಿಟ್ಟುಹೋಗುತ್ತದೆ ಎಂದು ಒಪ್ಪಿಗೆ ಕೊಡುವವರಿಗೆ ಗೊತ್ತಿರಬೇಕು. ಗೊತ್ತಿದ್ದೂ ಒಪ್ಪಿದರೆ ಆ ಅಪಾಯ ಅವರದು. ಪುಟದ ತಲೆಗೆ 'ಈ ವರ್ಷ ನೋಡದ ಜಾಗಗಳು' ಎಂದು ಬರೆದು, ಪ್ರತಿ ಸಾಲಿನ ಎದುರಿಗೆ ಕಾರಣಕ್ಕೊಂದು, ಒಪ್ಪಿದವರ ಸಹಿಗೊಂದು ಖಾನೆ ಎಳೆದೆ. ಯೋಜನೆಯ ಮೊದಲ ಪುಟದಲ್ಲಿ ಇನ್ನೊಂದು ಮಾತನ್ನೂ ಬರೆದೆ: ನನ್ನ ಅತ್ತಿಗೆ ಅಲ್ಲಿಯ ರೋಗಿ, ಆದ್ದರಿಂದ ಡಯಾಲಿಸಿಸ್ ಆಡಿಟ್ಟಿಗೆ ನಾನು ಕೈ ಹಾಕುವುದಿಲ್ಲ. ಸಹಾಯಕರು ಹೊರಗಿನ ಊರಿನ ಒಬ್ಬ ಡಯಾಲಿಸಿಸ್ ತಜ್ಞರನ್ನು ಜೊತೆಗಿಟ್ಟುಕೊಂಡು ಮಾಡುತ್ತಾರೆ. ವರದಿ ನನ್ನ ಮೇಜಿಗೆ ಬಾರದೆ ನೇರ ಆಡಿಟ್ ಸಮಿತಿಗೆ ಹೋಗುತ್ತದೆ.

ಸಮಿತಿಯ ಅಧ್ಯಕ್ಷರು ಕೊಬ್ಬರಿ ಮಂಡಿಯ ಯಜಮಾನರು. ಸಭೆಗೆ ಮೊದಲು ಯೋಜನೆ ತೋರಿಸಲು ಅವರ ಮಂಡಿಗೆ ಹೋದೆ. ಆಗ ತಾನೇ ಎರಡು ಗಾಡಿ ಮಾಲು ಇಳಿದಿತ್ತು. ಒಂದು ಕಡೆಯ ಚೀಲಗಳನ್ನು ಅವರು ಕಣ್ಣಲ್ಲೇ ನೋಡಿ ಒಳಗೆ ಕಳಿಸಿದರು. ಇನ್ನೊಂದು ಕಡೆಯ ಚೀಲಗಳನ್ನು ಒಂದೂ ಬಿಡದೆ ಬಿಚ್ಚಿಸಿ, ಕೊಬ್ಬರಿ ತೆಗೆದು, ಒಡೆದು, ಮೂಸಿ ನೋಡಿದರು.

"ಅವೆಲ್ಲ ಯಾಕೆ ಬಿಚ್ಚಲಿಲ್ಲ ಸಾರ್?" ಎಂದೆ.

"ಅವ್ರು ಕೆಂಕೆರೆಯೋರು, ಮೂವತ್ ವರ್ಷದ ಗಿರಾಕಿ. ಇವನ್ದು ಹೋದ್ ಮಳೇಲಿ ಕಾಯಿ ಒಣಗ್ಸೋ ಅಟ್ಟ ಸೋರಿತ್ತು. ಒಳಗೆ ಬೂಷ್ಟು ಹಿಡ್ದಿದ್ರೆ ಮೇಲೆ ಕಾಣಾಕಿಲ್ಲ ಕಣಮ್ಮ, ಒಡ್ದೇ ನೋಡ್ಬೇಕು."

"ನಾನು ಮಾಡಿರೋ ಯೋಜನೇನೂ ಅಷ್ಟೇ ಸಾರ್. ಅಟ್ಟ ಸೋರಿರೋ ಕಡೆ ಮೊದಲು."

ಅವರು ಹಾಳೆಗಳನ್ನು ತಿರುವಿದರು. ಮುಖ ಚಿಕ್ಕದಾಯಿತು. "ಇದು ಬ್ಯಾರೆ, ಅದು ಬ್ಯಾರೆ. ಅದು ವ್ಯಾಪಾರ. ಇದು ಸೇವೆ. ಸೇವೆ ಮಾಡೋ ಜಾಗದಾಗೆ ಅನುಮಾನ ಇಟ್ಕಬಾರ್ದು." ಕೊಬ್ಬರಿಯ ಬಗ್ಗೆ ಇರುವ ಎಚ್ಚರದ ಕಾಲುಭಾಗ ರೋಗಿಯ ರಕ್ತದ ಬಗ್ಗೆ ಇಲ್ಲದವರನ್ನು ನಮ್ಮೂರಿನಲ್ಲಿ ದೊಡ್ಡ ಮನುಷ್ಯರು ಎನ್ನುತ್ತಾರೆ. ನಾನು ಕಾಫಿ ಕುಡಿದು ಎದ್ದು ಬಂದೆ.

ಸಭೆಯಲ್ಲಿ ಸದಸ್ಯರು ಮೂವರು. ಅಧ್ಯಕ್ಷರು, ಒಬ್ಬ ನಿವೃತ್ತ ಹೆಡ್‌ಮಾಸ್ಟರು, ತುರುವೇಕೆರೆ ಕಡೆಯ ಒಬ್ಬ ತೋಟದ ಯಜಮಾನರು. ಆಡಳಿತಾಧಿಕಾರಿ ಸದಸ್ಯನಲ್ಲ, ಆದರೂ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಹೆಚ್ಚು ಮಾತಾಡುವುದು ಅವನ ಪದ್ಧತಿ.

ಹೆಡ್‌ಮಾಸ್ಟರಿಗೆ ಮೊದಲು ಬೇಸರವಾದದ್ದು ಕ್ಯಾಂಟೀನಿನ ವಿಷಯಕ್ಕೆ. "ಅಲ್ಲಿ ಸಾಂಬಾರು ನೀರು ನೀರು. ಅದನ್ನ ನೋಡಲ್ಲ ಅಂದ್ರೆ ಹೆಂಗ್ರೀ?" ತೋಟದ ಯಜಮಾನರಿಗೆ ಹೂವಿನ ಕುಂಡಗಳ ಚಿಂತೆ. ಜನ ಸಾಯಬಹುದಾದ ಜಾಗಗಳ ಹೆಸರು ಓದಿದಾಗ ಇಬ್ಬರೂ ಬಿಸ್ಕತ್ತು ತಿನ್ನುತ್ತಿದ್ದರು.

ಆಗ ಆಡಳಿತಾಧಿಕಾರಿ ಗಂಟಲು ಸರಿಮಾಡಿಕೊಂಡ. "ಒಂದ್ ವಿಷ್ಯ ಸಾರ್, ಹೇಳಬಾರ್ದು, ಆದ್ರೂ ಹೇಳ್ತೀನಿ. ಮೇಡಮ್ ಅವರ ಅತ್ತಿಗೇನೇ ಅಲ್ಲಿ ಪೇಶೆಂಟು. ಅದಕ್ಕೇ ಡಯಾಲಿಸಿಸ್‌ಗೆ ಇಪ್ಪತ್ತೈದು ದಿನ."

ಕಳ್ಳನನ್ನು ಹಿಡಿದವನ ಮುಖ ಅವನದು. ನನಗೆ ಮೈ ಉರಿಯಿತು. ಆದರೂ ಮೆತ್ತಗೇ ಹೇಳಿದೆ: "ಮೊದಲನೇ ಪುಟ ಓದಿ. ನಾನೇ ಬರೆದಿದ್ದೀನಿ." ಮೂವರೂ ಮೊದಲನೇ ಪುಟ ತಿರುಗಿಸಿದರು. ವಾರದಿಂದ ಅವರ ಬಳಿ ಇದ್ದ ಕಾಗದ. ಅದನ್ನು ಅವರು ಮೊದಲ ಸಲ ಓದುತ್ತಿದ್ದಾರೆಂದು ಅವರ ತುಟಿಗಳ ಚಲನೆಯಿಂದಲೇ ಗೊತ್ತಾಗುತ್ತಿತ್ತು.

ಓದಿದ ಮೇಲೂ ಅಧ್ಯಕ್ಷರ ತೀರ್ಮಾನ ಬದಲಾಗಲಿಲ್ಲ. "ನೋಡಮ್ಮ, ಜನ ಆಡ್ಕತಾರೆ. ಡಯಾಲಿಸಿಸ್ ಬುಡಿ ಈ ವರ್ಷ. ಆ ದಿನಗಳ್ನ ಕ್ಯಾಂಟೀನು, ಬಟ್ಟೆ, ತೋಟಕ್ಕೆ ಹಂಚಿ. ಎಲ್ಲಾರ್ಗೂ ಸಮಾಧಾನ."

ಯೋಜನೆಗೆ ಒಪ್ಪಿಗೆ ಕೊಡುವುದು ಅವರ ಅಧಿಕಾರ. ವಾದಕ್ಕೆ ಇಳಿದರೆ ಅತ್ತಿಗೆಗಾಗಿ ಕೂಗಾಡಿದಳು ಎಂದಾಗುತ್ತಿತ್ತು. "ಆಗಲಿ ಸಾರ್" ಎಂದೆ. ನೋಡದ ಜಾಗಗಳ ಪುಟ ತೆಗೆದು, ಪಟ್ಟಿಯ ಮೇಲ್ಗಡೆ ಕೈಬರಹದಲ್ಲೇ 'ಡಯಾಲಿಸಿಸ್ ನೀರು' ಎಂದು ಬರೆದೆ. ಎದುರಿಗೆ ಕಾರಣ: ಸಮಿತಿಯ ತೀರ್ಮಾನ. ಅದರ ಕೆಳಗೆ ನನಗೆ ಗೊತ್ತಿದ್ದಷ್ಟನ್ನೂ ಬರೆದೆ. ನೀರಿನ ಮೂಲ ಬದಲಾಗಿದೆ. ಟೆಕ್ನಿಷಿಯನ್ ಬದಲಾಗಿದ್ದಾರೆ. ರೋಗಿಗಳು ನಡುಗಿದ್ದು ದಾಖಲಾಗಿಲ್ಲ. ಪುಟವನ್ನೂ ಪೆನ್ನನ್ನೂ ಅಧ್ಯಕ್ಷರ ಮುಂದೆ ಇಟ್ಟೆ.

"ಇದೇನಮ್ಮ?"

"ನೋಡೋದು ಬೇಡ ಅಂತ ಒಪ್ಪಿದವರು ಸಹಿ ಮಾಡಬೇಕು ಸಾರ್."

ಅಧ್ಯಕ್ಷರು ಪುಟವನ್ನು ಹೆಡ್‌ಮಾಸ್ಟರ ಕಡೆ ಸರಿಸಿದರು. ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು, ಪುಟವನ್ನು ತೋಟದ ಯಜಮಾನರ ಕಡೆ ಸರಿಸಿದರು. ಅವರು ಮುಟ್ಟಲೇ ಇಲ್ಲ. "ಹಿರಿಯರು ಮೊದ್ಲು ಹಾಕ್ಲಿ" ಎಂದರು. ಪುಟ ಮೇಜನ್ನು ಎರಡು ಸುತ್ತು ಬಂತು. ಇವರೆಲ್ಲ ಜೀವನದಲ್ಲಿ ಓದದೆ ಎಷ್ಟು ಕಾಗದಗಳಿಗೆ ಸಹಿ ಹಾಕಿದ್ದಾರೋ ಲೆಕ್ಕವಿಲ್ಲ. ಓದಿದ ಕಾಗದಕ್ಕೆ ಸಹಿ ಹಾಕಲು ಒಬ್ಬರಿಗೂ ಕೈ ಬರಲಿಲ್ಲ. ಆಡಳಿತಾಧಿಕಾರಿ ಕಿಟಕಿಯ ಹೊರಗೆ ನೋಡುತ್ತಿದ್ದ.

ಕೊನೆಗೆ ಅಧ್ಯಕ್ಷರು ಪೆನ್ನು ಎತ್ತಿ ನಾನು ಬರೆದ ಸಾಲನ್ನು ಹೊಡೆದುಹಾಕಿದರು. ಕೆಳಗೆ ಕ್ಯಾಂಟೀನು, ಬಟ್ಟೆ, ತೋಟ, ಗಾಡಿ ನಿಲ್ಲಿಸುವ ಬಯಲು, ಹೀಗೆ ಇಪ್ಪತ್ತೊಂಬತ್ತು ಸಾಲಿನ ಎದುರಿಗೂ ಸರಸರನೆ ಸಹಿ ಹಾಕಿದರು. "ಮಾಡ್ಕಳಿ ಹೋಗಿ" ಎಂದರು. ಯೋಜನೆ ಮೊದಲಿದ್ದಂತೆಯೇ ಪಾಸಾಯಿತು. ಧೈರ್ಯದಿಂದಾಗಲಿ ತಿಳಿವಳಿಕೆಯಿಂದಾಗಲಿ ಅಲ್ಲ, ಭಯದಿಂದ. ನನಗೆ ಸಾಕಾಗಿತ್ತು. ಮೆಟ್ಟಿಲಿಳಿಯುವಾಗ ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡು, ಅವರ ಮುಖಗಳನ್ನು ನೆನೆದು ನಕ್ಕೆ.

ವರ್ಷದ ಮೊದಲ ಆಡಿಟ್ ಅದೇ. ಸಹಾಯಕರು ಹೊರಗಿನ ತಜ್ಞರೊಂದಿಗೆ ಡಯಾಲಿಸಿಸ್ ವಿಭಾಗಕ್ಕೆ ಹೋದರು. ನನಗೆ ಒಂದು ಮಾತೂ ಹೇಳಬಾರದೆಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಅವರು ಅದನ್ನು ಎಷ್ಟು ಪಾಲಿಸಿದರೆಂದರೆ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುವುದನ್ನೂ ಬಿಟ್ಟರು. ಮೊದಲ ದಿನವೇ ತಜ್ಞರು ನೀರಿನ ಮಾದರಿಯನ್ನು ತಾವೇ ಹಿಡಿದು ಲ್ಯಾಬಿಗೆ ಕಳಿಸಿದ್ದರಂತೆ. ಎರಡನೇ ವಾರದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ವಿಭಾಗ ಮುಚ್ಚಿತು. ಕ್ರಿಮಿ ಮಿತಿಗಿಂತ ಬಹಳ ಮೇಲಿತ್ತು. ಇಂಥದ್ದನ್ನು ವರದಿ ಬರೆಯುವವರೆಗೆ ಇಟ್ಟುಕೊಳ್ಳುವಂತಿಲ್ಲ, ಆ ದಿನವೇ ಹೇಳಿ ನಿಲ್ಲಿಸಿದರು. ಕೊಳವೆಗಳನ್ನೆಲ್ಲ ಶುದ್ಧ ಮಾಡಿ ಮತ್ತೆ ಪರೀಕ್ಷೆ ಆಗುವವರೆಗೆ ರೋಗಿಗಳನ್ನು ಆಸ್ಪತ್ರೆಯ ವ್ಯಾನಿನಲ್ಲಿ ತುಮಕೂರಿಗೆ ಕಳಿಸತೊಡಗಿದರು. ಅತ್ತಿಗೆಯೂ ಅದರಲ್ಲಿ ಹೋಗಿಬರುತ್ತಿದ್ದರು.

ವರದಿಯ ದಿನ ಸಮಿತಿ ಮತ್ತೆ ಸೇರಿತು. ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ, ಕೇಳುವವಳಾಗಿ. ಸಹಾಯಕರು ಎದ್ದು ನಿಂತು ಓದಿದರು.

"ತಿಂಗಳ ತಿಂಗಳ ನೀರಿನ ಪರೀಕ್ಷೆ ವರದಿ ಕಡತದಲ್ಲಿ ಹದಿನಾಲ್ಕು ಇವೆ. ಹದಿನಾಲ್ಕೂ ಒಂದೇ ವರದಿಯ ಜೆರಾಕ್ಸು. ಮೇಲಿನ ತಾರೀಖು ಮಾತ್ರ ಬಿಳಿ ಹಚ್ಚಿ ಬದಲಾಯಿಸಿದ್ದಾರೆ. ಮಾದರಿ ಸಂಖ್ಯೆ ಎಲ್ಲಾದರಲ್ಲೂ ಒಂದೇ. ಲ್ಯಾಬಿಗೆ ಫೋನ್ ಮಾಡಿ ಕೇಳಿದ್ವಿ, ವಿಭಾಗದಿಂದ ಅವರಿಗೆ ಮಾದರಿ ಹೋಗಿರೋದು ಒಂದೇ ಸಲ."

ಅಧ್ಯಕ್ಷರು ಆಡಳಿತಾಧಿಕಾರಿಯ ಕಡೆ ನೋಡಿದರು. ಆಡಳಿತಾಧಿಕಾರಿ ಮೇಲ್ವಿಚಾರಕನನ್ನು ಬೈಯಲು ಬಾಯಿ ತೆರೆದ. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಸಹಾಯಕರು ಕೈ ಎತ್ತಿ, ಇನ್ನೂ ಮುಗಿದಿಲ್ಲ ಎಂಬಂತೆ, ಮುಂದಿನ ಪುಟ ತೆಗೆದರು. ನನ್ನ ಕಡೆ ನೋಡಲಿಲ್ಲ. "ಇದರಲ್ಲಿ ಮೊದಲಿನ ಐದು ವರದಿ ಹೋದ್ ವರ್ಷದ ಆಡಿಟ್‌ನಾಗೆ ನೋಡಿ ಸರಿಯಿದೆ ಅಂತ ಗುರುತು ಹಾಕಿರೋವು. ಐದೂ ಒಟ್ಟಿಗೇ ಇದ್ವು, ಒಂದರ ಮೇಲೊಂದು."

"ಯಾರ ಗುರುತು?" ಎಂದರು ಹೆಡ್‌ಮಾಸ್ಟರು.

ಸಹಾಯಕರು ಕಾಗದದ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದರು.

"ನಂದು ಸಾರ್" ಎಂದೆ.

ನನಗೆ ಆ ದಿನ ಸರಿಯಾಗಿ ನೆನಪೂ ಇಲ್ಲ. ಐದು ದಿನದ ಆಡಿಟ್ಟಿನ ನಾಲ್ಕನೆಯ ದಿನವೋ ಐದನೆಯದೋ ಇರಬೇಕು. ವರದಿ ಇದೆಯೇ? ಇದೆ. ಗುರುತು. ವರದಿ ಇದೆಯೇ? ಇದೆ. ಗುರುತು. ಐದು ಸಲ ಅದೇ ಹಾಳೆಯನ್ನು ತಿರುವಿದ್ದೇನೆ, ಅದೇ ಸಂಖ್ಯೆಯ ಮೇಲೆ ಕಣ್ಣು ಹಾಯಿಸಿದ್ದೇನೆ. ಸಾಂಬಾರಿನ ಬಗ್ಗೆ ಚಿಂತಿಸಿದ ಹೆಡ್‌ಮಾಸ್ಟರಾದರೂ ಸಾಂಬಾರನ್ನು ಬಾಯಿಗೆ ಹಾಕಿ ನೋಡಿದ್ದರು.

ಅಧ್ಯಕ್ಷರು ನನ್ನನ್ನು ನೋಡಿ ಕೈ ಆಡಿಸಿದರು. "ಹೋಗ್ಲಿ ಬುಡಮ್ಮ. ಎಲ್ಲಾರ್ಗೂ ಆಗ್ತದೆ. ವರದಿಯಾಗಿಂದ ಆ ಸಾಲು ತೆಗೀರಿ, ನಮ್ಮೋರೇ ಅಲ್ವಾ." ಬಹಳ ಪ್ರೀತಿಯಿಂದಲೇ ಹೇಳಿದರು. ಅವರು ಆಡಳಿತಾಧಿಕಾರಿಯನ್ನು ಕ್ಷಮಿಸುವಾಗ, ಮೇಲ್ವಿಚಾರಕನನ್ನು ಕ್ಷಮಿಸುವಾಗ ಇರುವ ಅದೇ ಪ್ರೀತಿ. ಆರು ವರ್ಷ ಯಾವ ಗುಂಪನ್ನು ನೋಡಿ ಮೂಗು ಮುರಿಯುತ್ತಿದ್ದೆನೋ ಆ ಗುಂಪಿನಲ್ಲಿ ನನಗೊಂದು ಕುರ್ಚಿ ಹಾಕಿಕೊಟ್ಟರು.

"ತೆಗೆಯೋದು ಬೇಡ" ಎಂದೆ. ಸಹಾಯಕರು ತಲೆಯಾಡಿಸಿ ಕಾಗದ ಮಡಿಸಿದರು. ಅವರು ಹೇಗೂ ತೆಗೆಯುತ್ತಿರಲಿಲ್ಲ.

ಮರುದಿನ ರಜೆ ಹಾಕಿ ಅತ್ತಿಗೆಯ ಜೊತೆ ವ್ಯಾನಿನಲ್ಲಿ ತುಮಕೂರಿಗೆ ಹೋದೆ. ಅವರು ಕಿಟಕಿಯ ಪಕ್ಕ ಕೂತಿದ್ದರು, ಮಡಿಲಲ್ಲಿ ಬುತ್ತಿ. ಈಚೆಗೆ ಬಹಳ ಇಳಿದುಹೋಗಿದ್ದರು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಗುಬ್ಬಿ ದಾಟಿದ ಮೇಲೆ ಮಾತು ತೆಗೆದರು.

"ನೀರು ಕೆಟ್ಟಿತ್ತಂತೆ. ಎಲ್ಲಾರೂ ನಿನ್ನೇ ಹೊಗಳ್ತವ್ರೆ ಕಣೇ. ನೀನು ಹಟ ಹಿಡ್ದು ನೋಡ್ಸಿದ್ದಕ್ಕೆ ಗೊತ್ತಾಯ್ತು ಅಂತ."

ಆ ಹೊಗಳಿಕೆಯನ್ನು ಹಾಗೇ ಇಟ್ಟುಕೊಳ್ಳಬಹುದಿತ್ತು. ವ್ಯಾನಿನಲ್ಲಿ ಇನ್ನೂ ನಾಲ್ವರು ರೋಗಿಗಳಿದ್ದರು, ಅವರ ಮನೆಯವರಿದ್ದರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

"ಹೋದ ವರ್ಷಾನೂ ನೋಡಿದ್ದೆ ಅತ್ತಿಗೆ" ಎಂದೆ. "ಸರಿಯಾಗಿದೆ ಅಂತ ಬರ್ದಿದ್ದೆ."

ಅವರು ನನ್ನ ಮುಖವನ್ನೇ ನೋಡಿದರು. "ನಾನು ನಡುಗೋಕೆ ಮುಂಚೇನಾ, ಆಮೇಲಾ?"

"ಮುಂಚೆ."

ತುಮಕೂರು ಬಂದಾಗ ಅತ್ತಿಗೆಯನ್ನು ಇಳಿಸಿಕೊಳ್ಳಲು ಕೈ ಚಾಚಿದೆ. ಅವರು ಪಕ್ಕದ ಹಾಸಿಗೆಯ ಆ ಗಂಡಸಿನ ಹೆಂಡತಿಯ ಕೈ ಹಿಡಿದುಕೊಂಡು ಇಳಿದರು.